ಹಿಂಗಾರ, ಹಿಂಗಾರು ಮತ್ತು ಒಂದು ನೋಟ್ ಪುಸ್ತಕ

ಮುಖ್ಯೋಪಾಧ್ಯಾಯಿನಿಯವರೇ, ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದ ಶಿಕ್ಷಕ ಬಂಧುಗಳೇ, ಮುದ್ದು ಮಕ್ಕಳೇ,

ಎಲ್ಲರಿಗೂ ನಮಸ್ಕಾರ. ಬಿಸಿಲು ಏರುವ ಮೊದಲೇ ಮುಗಿಸುತ್ತೇನೆ. ಹಿಂದೆ ನಿಂತವರು ನೆರಳಿಗೆ ಬನ್ನಿ.

ನಿಮ್ಮಲ್ಲಿ ಕೆಲವರ ಅಪ್ಪ ಅಮ್ಮಂದಿರಿಗೂ ಇದೇ ಅಂಗಳದಲ್ಲಿ ನಾನು ಕನ್ನಡ ಪಾಠ ಮಾಡಿದ್ದೇನೆ. ಆದರೆ ತೀರ್ಥಹಳ್ಳಿಯ ಈ ಸೀಮೆ ನನ್ನ ಹುಟ್ಟೂರಲ್ಲ. ನಾನು ಚಿತ್ರದುರ್ಗದ ಕಡೆಯ ಬಯಲು ಸೀಮೆಯವನು. ರಾಗಿ, ಶೇಂಗಾ ಬೆಳೆಯುವ ಹೊಲ ನೋಡಿ ಬೆಳೆದವನು. 1986ರಲ್ಲಿ ಇಲ್ಲಿಗೆ ಕೆಲಸಕ್ಕೆ ಬಂದಾಗ ಅಡಿಕೆ ತೋಟದ ಒಳಗೆ ಕಾಲಿಟ್ಟವನೇ ಅಲ್ಲ.

ಆ ವರ್ಷ ಎಂಟನೇ ತರಗತಿಗೆ ‘ನಮ್ಮ ತೋಟ’ ಎಂಬ ಪ್ರಬಂಧ ಬರೆಯಲು ಕೊಟ್ಟಿದ್ದೆ. ಒಬ್ಬ ಹುಡುಗಿ, ‘ಈ ಸಲ ನಮ್ಮ ತೋಟದಲ್ಲಿ ಹಿಂಗಾರ ಚೆನ್ನಾಗಿ ಬಂದಿದೆ’ ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಪಕ್ಕದಲ್ಲಿ ‘ಹಿಂಗಾರು’ ಎಂದು ತಿದ್ದಿದೆ. ಅರ್ಧ ಅಂಕವನ್ನೂ ಕಳೆದೆ. ನನಗೆ ಗೊತ್ತಿದ್ದದ್ದು ಮಳೆ ಒಂದೇ. ಮಾರನೇ ದಿನ ಅವಳು ಬಾಳೆಲೆಯಲ್ಲಿ ಏನನ್ನೋ ಸುತ್ತಿಕೊಂಡು ಬಂದು ಮೇಜಿನ ಮೇಲಿಟ್ಟಳು. ಬಿಚ್ಚಿದರೆ ಎಳೆಎಳೆಯಾದ ಹಳದಿ ಹೂವಿನ ಗೊಂಚಲು, ಕೋಣೆ ತುಂಬಾ ಘಮ. ‘ಸರ್, ಇದು ಹಿಂಗಾರ. ಅಡಿಕೆಯ ಹೂವು’ ಎಂದಳು. ಇನ್ನೊಂದು ಮಾತು ಆಡಲಿಲ್ಲ.

ಅವತ್ತು ಸಂಜೆ ಶಾಲೆಯ ನಿಘಂಟು ತೆಗೆದು ನೋಡಿದೆ. ಹಿಂಗಾರ, ಹಿಂಗಾರು, ಎರಡೂ ಅಕ್ಕಪಕ್ಕದಲ್ಲೇ ಇದ್ದವು. ನಾನು ಪುಟ ತಿರುವಿರಲಿಲ್ಲ, ಅಷ್ಟೇ. ಮರುದಿನ ಅವಳ ಅರ್ಧ ಅಂಕ ವಾಪಸ್ ಕೊಟ್ಟೆ, ತರಗತಿಯ ಎದುರಿಗೇ ತಪ್ಪೊಪ್ಪಿಕೊಂಡೆ. ಪೇಟೆಗೆ ಹೋಗಿ 200 ಪುಟದ ನೋಟ್ ಪುಸ್ತಕ ತಂದು, ಮೊದಲ ಪುಟದಲ್ಲಿ ‘ಹಿಂಗಾರ’ ಎಂದು ಬರೆದೆ. ಆ ಪುಸ್ತಕ ಇದೇ ನೋಡಿ. ರಟ್ಟು ಕಿತ್ತುಹೋಗಿ ಎರಡು ಸಲ ಹೊಲಿಸಿದ್ದೇನೆ. ಇದರ ನಂತರ ಇನ್ನೂ ಹನ್ನೊಂದು ತುಂಬಿವೆ.

ನೀವೂ ಇಂಥದ್ದೊಂದು ಶುರು ಮಾಡಬೇಕು, ಅದೂ ಇವತ್ತೇ. ಇದನ್ನು ಕೇಳಲೆಂದೇ ಬಂದಿದ್ದೇನೆ.

ಒಂದು ಪದದ ಹಿಂದೆ ಹೋದರೆ ಅದು ಒಂದಕ್ಕೇ ನಿಲ್ಲುವುದಿಲ್ಲ. ಹಿಂಗಾರು ಎಂದರೆ ಹಿನ್ ಮತ್ತು ಕಾರ್ ಸೇರಿದ್ದು. ಕಾರ್ ಎಂದರೆ ಮಳೆಗಾಲ, ಕಪ್ಪು ಎಂದೂ ಅರ್ಥ. ಅಷ್ಟು ತಿಳಿದ ಕೂಡಲೇ ಮುಂಗಾರು, ಕಾರ್ಮೋಡ, ಕಾರಿರುಳು ಎಲ್ಲವೂ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಇನ್ನು ‘ಹಾಳೆ’ ತೆಗೆದುಕೊಳ್ಳಿ. ನೀವು ಬರೆಯುವ ಕಾಗದವೂ ಹಾಳೆ, ತೋಟದಲ್ಲಿ ಅಡಿಕೆ ಮರದಿಂದ ಕಳಚಿ ಬೀಳುವುದೂ ಹಾಳೆ. ಇದರ ಹಳೆಯ ರೂಪ ಪಾಳೆ. ಹಳೆಗನ್ನಡದ ಪಾಲು, ಪುಲಿ, ಪೂ ಈಗ ಹಾಲು, ಹುಲಿ, ಹೂ ಆಗಿವೆಯಲ್ಲ, ಹಾಗೆಯೇ. ಆದರೆ ‘ಹೊಂಬಾಳೆ’ ಎಂಬ ಪದದೊಳಗೆ ಆ ಹಳೆಯ ಪಾಳೆ ಇನ್ನೂ ಅಡಗಿ ಕೂತಿದೆ. ಹೊನ್ ಮತ್ತು ಪಾಳೆ ಸೇರಿ ಹೊಂಬಾಳೆ, ಚಿನ್ನದ ಬಣ್ಣದ ಹಾಳೆ. ಕಣ್ ಮತ್ತು ಪನಿ ಸೇರಿ ಕಂಬನಿ ಆದಂತೆ. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಆದೇಶ ಸಂಧಿ ನಿಮ್ಮ ತೋಟದಲ್ಲೇ ಅರಳಿ ನಿಂತಿರುತ್ತದೆ. ಇದನ್ನು ಮೊದಲ ಸಲ ಕಂಡುಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಸಂತೋಷವಾಗಿತ್ತು.

ಇದು ಕನ್ನಡ ಪಾಠಕ್ಕೆ ಮಾತ್ರ ಎಂದುಕೊಳ್ಳಬೇಡಿ. ವಿಜ್ಞಾನದಲ್ಲಿ ದ್ಯುತಿಸಂಶ್ಲೇಷಣೆ ಎಂದು ಓದುತ್ತೀರಿ. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವುದು. ಬೆಳಕಿನಿಂದ ಕೂಡಿಸಿ ಆಹಾರ ಮಾಡಿಕೊಳ್ಳುವುದು ಎಂಬ ಅರ್ಧ ಪಾಠ ಹೆಸರಿನಲ್ಲೇ ಮುಗಿಯಿತು.

ನಿಘಂಟು ನೋಡುವುದು ಹೇಗೆ ಎಂದು ಯಾರೂ ಮಕ್ಕಳಿಗೆ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ನಾನೂ ಎಷ್ಟೋ ವರ್ಷ ಹೇಳಿಕೊಟ್ಟಿರಲಿಲ್ಲ, ಅದು ನನ್ನ ತಪ್ಪು. ‘ಕ್ಷೀರ’ ಹುಡುಕಲು ಕೊನೆಯ ಪುಟಕ್ಕೆ ಹೋಗುತ್ತೀರಿ, ಸಿಗುವುದಿಲ್ಲ. ಅದು ‘ಕ’ದಲ್ಲಿರುತ್ತದೆ, ಜ್ಞಾನ ‘ಜ’ದಲ್ಲಿ. ‘ಬಂದರು’ ಎಂದು ಹುಡುಕಿದರೆ ಹಡಗು ನಿಲ್ಲುವ ಜಾಗ ಸಿಕ್ಕೀತು, ‘ಅವರು ಬಂದರು’ ಎಂಬುದರ ಅರ್ಥ ಬೇಕಾದರೆ ‘ಬರು’ ನೋಡಬೇಕು. ಮೊಬೈಲಿನಲ್ಲಿ ಹುಡುಕಿದರೂ ನನ್ನ ಆಕ್ಷೇಪವಿಲ್ಲ. ಆದರೆ ಅಲ್ಲಿ ಕೇಳಿದ ಪದವೊಂದೇ ಬರುತ್ತದೆ. ಪುಸ್ತಕದಲ್ಲಿ ಅದರ ನೆರೆಹೊರೆಯವರೂ ಕಣ್ಣಿಗೆ ಬೀಳುತ್ತಾರೆ. ಹಿಂಗಾರು ಹುಡುಕಿದವನಿಗೆ ಹಿಂಗಾರ ಸಿಗುವುದು ಹಾಗೆ.

ನೋಟ್ ಪುಸ್ತಕದಲ್ಲಿ ತಾರೀಖು ಹಾಕಿ, ಪದ ಬರೆಯಿರಿ. ಅದನ್ನು ಎಲ್ಲಿ ಓದಿದಿರಿ, ಯಾರ ಬಾಯಲ್ಲಿ ಕೇಳಿದಿರಿ ಎಂಬುದನ್ನು ಮರೆಯದೆ ಬರೆಯಿರಿ. ಅರ್ಥದ ಕೆಳಗೆ ನಿಮ್ಮದೇ ಒಂದು ವಾಕ್ಯ ಇರಲಿ. ನಿಘಂಟಿನ ವಾಕ್ಯ ಬೇಡ, ನಿಮ್ಮ ಮನೆಯ ನಾಯಿಯದ್ದೋ ನಿಮ್ಮ ಬಸ್ಸಿನದ್ದೋ ಆಗಬೇಕು. ಸ್ವಂತ ವಾಕ್ಯದಲ್ಲಿ ಬಳಸದ ಪದ ಎರಡು ದಿನಕ್ಕೆ ಮರೆತುಹೋಗುತ್ತದೆ, ಇದು ನನ್ನ ಅನುಭವ. ಪದ ನಿಘಂಟಿನಲ್ಲಿ ಇಲ್ಲವೇ? ಹಾಗಿದ್ದರೆ ಅದು ಇನ್ನೂ ಅಮೂಲ್ಯ. ಹೇಳಿದ ಅಜ್ಜಿಯ ಹೆಸರು ಬರೆದು, ಅವರು ಹೇಳಿದ ಅರ್ಥವನ್ನು ಅವರ ಮಾತಿನಲ್ಲೇ ಬರೆದಿಡಿ. ಅಜ್ಜಿ ಇರುವಾಗಲೇ ಕೇಳಿ, ಮಕ್ಕಳೇ. ನನ್ನ ಅಜ್ಜಿಯ ಬಾಯಲ್ಲಿದ್ದ ಹೊಲದ ಪದಗಳಲ್ಲಿ ಎಷ್ಟೋ ನನಗೆ ಈಗ ನೆನಪಿಗೆ ಬಾರವು. ಕೇಳೋಣವೆಂದರೆ ಹೇಳುವವರಿಲ್ಲ.

ಫರ್ಡಿನಾಂಡ್ ಕಿಟೆಲ್ ಹೆಸರು ಕೇಳಿದ್ದೀರಿ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದು, ಕನ್ನಡ ಕಲಿತು, ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದರು. ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ಅವರ ತಾಯಿನುಡಿಯಲ್ಲ. ನಮ್ಮ ಜಿ. ವೆಂಕಟಸುಬ್ಬಯ್ಯನವರು ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದಶಕಗಳ ಕಾಲ ದುಡಿದರು. ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಒಂದೊಂದು ಪದದ ಸಂಶಯವನ್ನೂ ಬಿಡಿಸಿದರು. 107 ವರ್ಷ ಬದುಕಿ 2021ರಲ್ಲಿ ತೀರಿಕೊಂಡರು. ಅಂಥವರು ಹೊತ್ತ ಹೊರೆ ನಿಮಗೆ ಬೇಡ. ದಿನಕ್ಕೆ ಒಂದೇ ಪದ ಸಾಕು. ಎಂಟನೆಯಿಂದ ಹತ್ತನೇ ತರಗತಿ ಮುಗಿಯುವಷ್ಟರಲ್ಲಿ ಸಾವಿರ ದಾಟುತ್ತದೆ. ಜ್ವರ ಬಂದು ನಾಲ್ಕು ದಿನ ತಪ್ಪಿದರೆ ತಪ್ಪಲಿ, ಐದನೇ ದಿನ ಮತ್ತೆ ಬರೆಯಿರಿ. ಒಂದೇ ದಿನ ಹತ್ತು ಪದ ತುಂಬಿಸಿ ಲೆಕ್ಕ ಸರಿಮಾಡುವುದು ಮಾತ್ರ ಬೇಡ.

ಆ ಮೇಜಿನ ಮೇಲೆ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟಿನ ಎರಡು ಪ್ರತಿಗಳಿವೆ, ಶಾಲೆಗೆ ನನ್ನ ಕಾಣಿಕೆ. ದಯವಿಟ್ಟು ಬೀರುವಿಗೆ ಬೀಗ ಹಾಕಬೇಡಿ ಎಂದು ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿಕೊಂಡಿದ್ದೇನೆ. ಮಾಸಿದರೆ, ಹರಿದರೆ ಬೇರೆ ತರುತ್ತೇನೆ. ಪಕ್ಕದ ಕಟ್ಟಿನಲ್ಲಿ ನೋಟ್ ಪುಸ್ತಕಗಳಿವೆ, ತರಗತಿಗೆ ಹೋಗುವಾಗ ಒಬ್ಬೊಬ್ಬರೂ ಒಂದೊಂದು ತೆಗೆದುಕೊಳ್ಳಿ.

ಇವತ್ತಿನ ಪದ ‘ಕೊನೆ’. ಅರ್ಥ ಗೊತ್ತು ಎಂದು ಕೆಲವರು ಆಗಲೇ ನಗುತ್ತಿದ್ದೀರಿ. ಮೊದಲು ನಿಘಂಟು ನೋಡಿ, ಆಮೇಲೆ ನಿಮ್ಮೂರಿನ ಕೊನೆಗಾರರೊಬ್ಬರನ್ನು ಕೇಳಿ, ಎರಡನ್ನೂ ಬರೆದುಕೊಂಡು ಬನ್ನಿ. ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಗ್ರಂಥಾಲಯದ ಕೋಣೆಯಲ್ಲಿ ಕೂತಿರುತ್ತೇನೆ. ಪುಸ್ತಕ ತಂದು ತೋರಿಸಿ. ಈ ಸಲ ಕೆಂಪು ಶಾಯಿ ತರುವುದಿಲ್ಲ.