ತಾಂತ್ರಿಕ ಬಿಡ್ ಮೌಲ್ಯಮಾಪನ ವರದಿ: ಆಪರೇಷನ್ ಥಿಯೇಟರ್ ಎಎಚ್‌ಯು ಪ್ಯಾಕೇಜ್

ಕೆಲಸ: ಹುಬ್ಬಳ್ಳಿಯ ಆಸ್ಪತ್ರೆಯ 4 ಥಿಯೇಟರ್‌ಗಳಿಗೆ ತಲಾ 4,000 ಸಿಎಫ್‌ಎಂನ 4 ಎಎಚ್‌ಯು. ಬಂದ ಬಿಡ್ 3. ದರದ ಲಕೋಟೆ ಇನ್ನೂ ತೆರೆದಿಲ್ಲ.

ಬಿಡ್‌ದಾರ 1: ಪ್ಯಾನೆಲ್, ಕಾಯಿಲ್, ಫ್ಯಾನ್, ಫಿಲ್ಟರ್ ಎಲ್ಲವೂ ಟೆಂಡರ್‌ನಂತೆಯೇ ಇವೆ. ಫಿಲ್ಟರ್ ಒತ್ತಡದ ಗೇಜ್ ಪಟ್ಟಿಯಲ್ಲಿ ಕಾಣಲಿಲ್ಲ. ಕೇಳಿದಾಗ, ಸರಬರಾಜಿನಲ್ಲಿ ಸೇರಿದೆ ಎಂದು ಬರೆದು ಕೊಟ್ಟಿದ್ದಾರೆ.

ಬಿಡ್‌ದಾರ 2: ಇಲ್ಲೇ ಜಾಸ್ತಿ ಸಮಯ ಹೋಯಿತು. ಕಾಗದಪತ್ರ ಬಹಳ ಅಚ್ಚುಕಟ್ಟು. ಆದರೆ ಡ್ರಾಯಿಂಗ್‌ನಲ್ಲಿ ಕಾಯಿಲ್ ಮುಖದ ಅಳತೆ 6.4 ಚದರ ಅಡಿ. 4,000 ಅನ್ನು 6.4ರಿಂದ ಭಾಗಿಸಿದರೆ ಗಾಳಿಯ ವೇಗ ನಿಮಿಷಕ್ಕೆ 625 ಅಡಿ. ಟೆಂಡರ್ ಮಿತಿ 500. ಇಷ್ಟು ವೇಗಕ್ಕೆ ಕಾಯಿಲ್ ಮೇಲಿನ ನೀರಿನ ಹನಿ ಟ್ರೇಗೆ ಬೀಳದೆ ಗಾಳಿಯ ಜೊತೆ ಹಾರಿ ಮುಂದಿನ ಫಿಲ್ಟರ್ ನೆನೆಸುತ್ತದೆ. ನೆನೆದ ಫಿಲ್ಟರ್‌ನಲ್ಲಿ ಬೂಷ್ಟು ಬೆಳೆಯಬಹುದು. ರೋಗಿಯ ಗಾಯ ತೆರೆದಿರುವ ಕೋಣೆಗೆ ಇದು ಬೇಡವೇ ಬೇಡ. ದೊಡ್ಡ ಕಾಯಿಲ್ ಕೊಡುತ್ತೇವೆ ಎಂದು ಆಮೇಲೆ ಪತ್ರ ಬರೆದಿದ್ದಾರೆ. ಅದು ವಿವರಣೆ ಅಲ್ಲ, ಬಿಡ್ಡನ್ನೇ ಬದಲಿಸಿದಂತೆ. ಒಪ್ಪಿಲ್ಲ.

ಬಿಡ್‌ದಾರ 3: ಲಗತ್ತಿಸಿದ ಫ್ಯಾನ್ ಕರ್ವ್ ಬೇರೆ ಮಾಡೆಲ್‌ನದು. ಬಿಡ್‌ನಲ್ಲಿ ನಮೂದಿಸಿದ ಮಾಡೆಲ್‌ನ ಕರ್ವ್ ತರಿಸಿ ನೋಡಿದೆವು. ಹೆಪಾ ಫಿಲ್ಟರ್ ಪೂರ್ತಿ ಕೊಳೆಯಾದಾಗ ಬೇಕಾಗುವ 1,200 ಪ್ಯಾಸ್ಕಲ್‌ನಲ್ಲೂ 4,000 ಸಿಎಫ್‌ಎಂ ಸಿಗುತ್ತದೆ. 5.5 ಕಿಲೋವ್ಯಾಟ್ ಮೋಟಾರ್ ಸಾಕು. ಫಿಲ್ಟರ್ ಬದಲಿಸುವ ಬಾಗಿಲು ಸ್ವಲ್ಪ ಇಕ್ಕಟ್ಟಾಗಿದೆ. ಡ್ರಾಯಿಂಗ್ ಒಪ್ಪಿಗೆಯ ಹಂತದಲ್ಲಿ ಇದನ್ನು ಮರೆಯಬಾರದು.

ಶಿಫಾರಸು: ಬಿಡ್‌ದಾರ 1 ಮತ್ತು 3 ಅರ್ಹರು, ಇವರಿಬ್ಬರ ದರದ ಲಕೋಟೆ ತೆರೆಯಬಹುದು. ಬಿಡ್‌ದಾರ 2 ಅನರ್ಹ. ಇವರ ದರದ ಲಕೋಟೆಯನ್ನು ತೆರೆಯದೆ ಹಿಂತಿರುಗಿಸಬೇಕು.