ಹಳೇ ಫೈಲು ಮುಗಿದ ಸಂಜೆ ನಾಲ್ಕು ಮಾತು

ಎಲ್ಲರಿಗೂ ನಮಸ್ಕಾರ. ಕೂತುಕೊಳ್ಳಿ, ಬನ್ಸ್ ತಣ್ಣಗಾಗುವ ಮೊದಲು ಮುಗಿಸುತ್ತೇನೆ.

ನಿನ್ನೆ ಸಂಜೆ ಐದೂ ಮುಕ್ಕಾಲಿಗೆ ನಮ್ಮ ಆಸ್ಪತ್ರೆಯ ಇನ್ಶೂರೆನ್ಸ್ ಕ್ಲೇಮ್ ವಿಭಾಗದ ಕೊನೆಯ ಹಳೇ ಫೈಲು ಅಪ್‌ಲೋಡ್ ಆಯಿತು. ಬಿಸು ಹಬ್ಬ ಕಳೆದು ಲೆಕ್ಕ ಹಾಕಿದಾಗ 1,184 ಇದ್ದವು. ಈಗ ಆಟಿ ತಿಂಗಳು, ಕಪಾಟು ಖಾಲಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಷ್ಟು ಬಾಕಿ ಬಿದ್ದದ್ದು ನಿಮ್ಮಿಂದ ಅಲ್ಲ. "ಹೊಸ ಫೈಲು ಮೊದಲು ಕಳಿಸಿ, ಹಳೇದು ಆಮೇಲೆ ನೋಡುವ" ಎಂದವನು ನಾನೇ. ಇನ್ಶೂರೆನ್ಸಿನವರಿಂದ ಕ್ವೆರಿ ಬಂದು ವಾಪಸಾದವೆಲ್ಲ ರಾಶಿಯ ಅಡಿಗೆ ಹೋದವು.

ಓವರ್‌ಟೈಮ್ ಮಾಡಿಸಿದರೆ ಮುಗಿದೀತು ಅಂತ ನಾನು ಅಂದುಕೊಂಡಿದ್ದೆ. ಡಿಸೋಜ ಮೇಡಂ ಹಾಗೆ ಅಂದುಕೊಳ್ಳಲಿಲ್ಲ. ಒಂದು ಶನಿವಾರ ಫೈಲುಗಳನ್ನೆಲ್ಲ ನೆಲದ ಮೇಲೆ ಹರಡಿ, ಯಾವುದು ಯಾಕೆ ವಾಪಸ್ ಬಂತು ಅಂತ ಬೇರೆ ಮಾಡಿದರು. ಸ್ಟೆಂಟಿನ ಸ್ಟಿಕ್ಕರ್ ಇಲ್ಲದ್ದು ಒಂದು ರಾಶಿ. ಆಧಾರಿನಲ್ಲಿ ಒಂದು ಹೆಸರು, ಪಾಲಿಸಿಯಲ್ಲಿ ಇನ್ನೊಂದು ಇರುವಂಥದ್ದು ಮತ್ತೊಂದು. ಎಲ್ಲಕ್ಕಿಂತ ದೊಡ್ಡ ರಾಶಿ ಯಾವುದು ಗೊತ್ತಲ್ವಾ? ಡಿಸ್ಚಾರ್ಜ್ ಸಮ್ಮರಿಗೆ ಡಾಕ್ಟರ ಸಹಿ ಇಲ್ಲದ್ದು. ಅರ್ಧಕ್ಕಿಂತ ಜಾಸ್ತಿ ಹಣ ಒಂದು ಸಹಿಗೆ ಕಾದು ಕೂತಿತ್ತು!

ಆಮೇಲೆ ಸಹಿ ಹಾಕಿಸಲು ನಮ್ಮ ಶೆಟ್ರು ಹೊರಟರು. ದಿನಾ ಬೆಳಿಗ್ಗೆ ಕಂಕುಳಲ್ಲಿ ಕಟ್ಟು, ಒಪಿಡಿ ಬಾಗಿಲಲ್ಲಿ ಹಾಜರು. ಅವರನ್ನು ಕಂಡರೆ ಕೆಲವು ಡಾಕ್ಟರುಗಳು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದರಂತೆ. ರೆಕಾರ್ಡ್ ರೂಮಿನವರು ಮಳೆಗೆ ಗೋಡೆ ಒದ್ದೆಯಾಗಿದ್ದರೂ ಹಳೇ ಕೇಸ್ ಶೀಟು ಹುಡುಕಿ ಕೊಟ್ಟರು. ಮೂಡುಬಿದಿರೆ ಬಸ್ಸು ತಪ್ಪಿಸಿಕೊಂಡವರು, ಕರೆಂಟು ಹೋದಾಗ ಮೊಬೈಲ್ ಬೆಳಕಲ್ಲಿ ಬಿಲ್ಲು ಕೂಡಿಸಿದವರು ಇಲ್ಲೇ ಕೂತಿದ್ದೀರಿ. ನಿಮ್ಮ ಮನೆಯವರಿಗೂ ನನ್ನ ಥ್ಯಾಂಕ್ಸ್ ಹೇಳಿ.

ಬೆಳ್ತಂಗಡಿ ಕಡೆಯ ಒಬ್ಬ ಅಜ್ಜರು ನೆನಪಿದೆಯಾ? ಡೆಪಾಸಿಟ್ ವಾಪಸ್ಸಿಗೆ ನಾಲ್ಕು ಸಲ ಬಸ್ಸು ಹತ್ತಿ ಬಂದವರು. ನಾಲ್ಕನೇ ಸಲ ಜೋರು ಮಾಡಲೇ ಇಲ್ಲ, ಸುಮ್ನೆ ಬೆಂಚಿನ ಮೇಲೆ ಕೂತರು. ನಾಲ್ಕು ಬೈದು ಹೋಗಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ. ಮೊನ್ನೆ ಅವರ ಹಣ ಖಾತೆಗೆ ಹೋಯಿತು. ನಮ್ಮ ಟ್ರೈನಿ ಹುಡುಗಿ ಫೋನ್ ಮಾಡಿ ತುಳುವಿನಲ್ಲಿ ಹೇಳಿದಳು. ಅಜ್ಜರು ನಂಬಲಿಲ್ಲ, ಮಗನ ಕೈಗೆ ಫೋನ್ ಕೊಟ್ಟು ಇನ್ನೊಮ್ಮೆ ಹೇಳಿಸಿದರು.

ಇನ್ನು ಮುಂದೆ ಶುಕ್ರವಾರ ಮಧ್ಯಾಹ್ನದ ಮೇಲೆ ಹೊಸ ಫೈಲು ಮುಟ್ಟಬೇಡಿ. ಆಗ ಕ್ವೆರಿ ಮಾತ್ರ. ನಾನೇ ಬಂದು ಹೊಸದು ಕೊಟ್ಟರೂ ತೆಗೆದುಕೊಳ್ಳಬೇಡಿ. ಭಾನುವಾರ ಬಂದವರು ಬಾಕಿ ರಜೆಯನ್ನು ಚೌತಿಯ ಮೊದಲು ಹಾಕಿಬಿಡಿ, ಎಲ್ಲದಕ್ಕೂ ಸಹಿ ಮಾಡುತ್ತೇನೆ. ಸಹಿಗೆ ಶೆಟ್ರನ್ನು ಕಳಿಸಬೇಕಾಗಿಲ್ಲ.

ಮಾತೆರೆಗ್ಲಾ ಸೊಲ್ಮೆಲು. ಬನ್ನಿ, ಚಾ ಕುಡಿಯುವ.