ಪಕ್ಕದ ನಿವೇಶನದ ಅಕ್ರಮ ಕಟ್ಟಡದಿಂದ ಗಾಳಿ, ಬೆಳಕು ನಿಂತಿರುವ ಬಗ್ಗೆ ಪಾಲಿಕೆಗೆ ದೂರು

ದಿನಾಂಕ: 16-06-2025
ಸ್ಥಳ: ಮೈಸೂರು

ಇವರಿಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ಮೈಸೂರು.

ಇವರಿಂದ,
ಸುಮಿತ್ರಾ,
ಮನೆ ಸಂಖ್ಯೆ 212, 9ನೇ ಅಡ್ಡರಸ್ತೆ,
ಕುವೆಂಪುನಗರ, ಮೈಸೂರು.

ವಿಷಯ: ಮನೆ ಸಂಖ್ಯೆ 213ರಲ್ಲಿ ಮಂಜೂರಾದ ನಕ್ಷೆ ಮೀರಿ ಕಟ್ಟುತ್ತಿರುವುದನ್ನು ಕೂಡಲೇ ನಿಲ್ಲಿಸಿ, ಅಕ್ರಮ ಭಾಗವನ್ನು ತೆರವು ಮಾಡಿಸುವಂತೆ ಕೋರಿ.

ಮಾನ್ಯರೇ,

ನಮ್ಮ ಮನೆಯ ಪೂರ್ವಕ್ಕಿರುವ 213ನೇ ನಂಬರಿನ ಹಳೇ ಮನೆಯನ್ನು ಈ ವರ್ಷದ ಆರಂಭದಲ್ಲಿ ಕೆಡವಿ, ಅದೇ 30x40 ಜಾಗದಲ್ಲಿ ಹೊಸ ಮನೆ ಕಟ್ಟುತ್ತಿದ್ದಾರೆ. ಎರಡನೇ ಅಂತಸ್ತಿನ ಗೋಡೆ ಎದ್ದಿದೆ. ಅದರ ಮೇಲಿನ ಆರ್‌ಸಿಸಿಗೆ ಈಗ ಸೆಂಟ್ರಿಂಗ್ ಹೊಡೆಯುತ್ತಿದ್ದಾರೆ. ಕಾಂಕ್ರೀಟ್ ಬಿದ್ದ ಮೇಲೆ ತೆಗೆಸುವುದು ಎಲ್ಲರಿಗೂ ಕಷ್ಟ. ಹಾಗಾಗಿ ಈ ಅರ್ಜಿಯನ್ನು ತುರ್ತಾಗಿ ನೋಡಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಆ ಕಟ್ಟಡದ ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿ ಪಡೆದಿದ್ದೇನೆ. ಅದರಲ್ಲಿ ಅನುಮತಿ ಇರುವುದು ನೆಲ ಅಂತಸ್ತು ಮತ್ತು ಮೊದಲನೇ ಅಂತಸ್ತಿಗೆ ಮಾತ್ರ. ನಮ್ಮ ಕಡೆಗೆ 1 ಮೀಟರ್ ಜಾಗ ಖಾಲಿ ಬಿಡಬೇಕು ಎಂದೂ ತೋರಿಸಿದೆ. ಸ್ಥಳದಲ್ಲಿ ಇರುವುದೇ ಬೇರೆ. ನಮ್ಮ ಕಡೆ ಒಂದು ಅಡಿಯನ್ನೂ ಬಿಟ್ಟಿಲ್ಲ. ಗೋಡೆಯನ್ನು ಕಾಂಪೌಂಡಿಗೇ ಸೇರಿಸಿ ಎಬ್ಬಿಸಿದ್ದಾರೆ. ಮೊದಲನೇ ಅಂತಸ್ತಿನ ಸಜ್ಜಾ ಕಾಂಪೌಂಡ್ ದಾಟಿ ನಮ್ಮ ಜಾಗದ ಮೇಲೆ ಸುಮಾರು 9 ಇಂಚು ಚಾಚಿದೆ. ಎರಡನೇ ಅಂತಸ್ತಿಗೆ ನಕ್ಷೆಯಲ್ಲಿ ಅನುಮತಿಯೇ ಇಲ್ಲ.

ನಮ್ಮ ಮನೆ ಕಟ್ಟಿದ್ದು 1996ರಲ್ಲಿ. ಆಗ ನಮ್ಮ ಮಾವ ನಕ್ಷೆಯಲ್ಲಿ ಹೇಳಿದಂತೆ ಪೂರ್ವಕ್ಕೆ 1 ಮೀಟರ್ ಬಿಟ್ಟರು. ಪಕ್ಕದವರೂ ಅಷ್ಟು ಬಿಟ್ಟಿದ್ದರಿಂದ ಎರಡು ಗೋಡೆಗಳ ನಡುವೆ 2 ಮೀಟರ್ ಇತ್ತು. ಅಡುಗೆಮನೆ, ನಮ್ಮ ಅತ್ತೆ ಮಲಗುವ ಕೋಣೆ ಮತ್ತು ಮಹಡಿ ಮೆಟ್ಟಿಲಿನ ಕಿಟಕಿಗಳು ಇರುವುದೆಲ್ಲ ಆ ಕಡೆಗೇ. ಬೆಳಗಿನ ಬಿಸಿಲು ಅಡುಗೆಮನೆ ಕಟ್ಟೆಯ ತನಕ ಬರುತ್ತಿತ್ತು. ಈಗ ಕಿಟಕಿ ತೆರೆದರೆ ಎದುರಿಗೆ ಬರೀ ಸಿಮೆಂಟ್ ಇಟ್ಟಿಗೆ ಗೋಡೆ. ನಡುಹಗಲಲ್ಲೂ ಲೈಟ್ ಹಾಕಿಕೊಂಡೇ ಅಡುಗೆ ಮಾಡಬೇಕು. ಒಗ್ಗರಣೆ ಹೊಗೆ ಹೊರಗೆ ಹೋಗದೆ ಮನೆಯೊಳಗೇ ಸುತ್ತುತ್ತದೆ. ಗ್ಯಾಸ್ ಸಿಲಿಂಡರ್ ಇರುವ ಜಾಗಕ್ಕೆ ಗಾಳಿ ಆಡದಿದ್ದರೆ ಏನಾಗಬಹುದು ಎಂದು ನಾನು ತಮಗೆ ಹೇಳಬೇಕಾಗಿಲ್ಲ.

ಅತ್ತೆಗೆ 78 ವರ್ಷ. ಆಸ್ತಮಾ ಇದೆ. ಅವರ ಕೋಣೆಗೆ ಇರುವುದು ಅದೊಂದೇ ಕಿಟಕಿ. ಮಳೆ ಶುರುವಾದ ಮೇಲೆ ಆ ಗೋಡೆ ಒಣಗುತ್ತಲೇ ಇಲ್ಲ. ಪಕ್ಕದ ಸಜ್ಜಾದ ಮೇಲೆ ಬಿದ್ದ ನೀರೆಲ್ಲ ನಮ್ಮ ಗೋಡೆಗೇ ರಾಚುತ್ತದೆ. ಒಳಗಡೆ ಮೂಲೆಯಲ್ಲಿ ಬೂಸ್ಟು ಹಿಡಿದಿದೆ. ರಾತ್ರಿ ಅವರಿಗೆ ಕೆಮ್ಮು ಜಾಸ್ತಿಯಾಗಿ ಎದ್ದು ಕೂರುತ್ತಾರೆ. ಅವರನ್ನು ಹಾಲ್‌ಗೆ ಕರೆತಂದು ಮಲಗಿಸುತ್ತಿದ್ದೇವೆ. ಸ್ವಂತ ಮನೆಯಲ್ಲಿ, ಸ್ವಂತ ಕೋಣೆಯಲ್ಲಿ ಉಸಿರಾಡಲು ಆಗದ ಸ್ಥಿತಿ ಆ ವಯಸ್ಸಿನವರಿಗೆ ಬರಬಾರದು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ಇದೇ.

ಪಾಯ ತೋಡುವಾಗಲೇ ನಾನು ಮತ್ತು ನಮ್ಮ ಯಜಮಾನರು ಹೋಗಿ ಮಾಲೀಕರ ಜೊತೆ ಮಾತಾಡಿದೆವು. "ನಮ್ಮ ಜಾಗ, ನಾವು ಕಟ್ಕೋತೀವಿ. ಜಾಸ್ತಿ ಅಂದ್ರೆ ದಂಡ ಹಾಕ್ತಾರೆ, ಕಟ್ತೀವಿ" ಎಂದರು. ಅವರು ಮನೆ ಕಟ್ಟಬಾರದು ಎಂದು ನಾವು ಯಾವತ್ತೂ ಹೇಳಿಲ್ಲ. ನಕ್ಷೆಯಲ್ಲಿ ಇರುವಂತೆ ಕಟ್ಟಿದರೆ ನಮ್ಮ ತಕರಾರು ಏನೂ ಇಲ್ಲ.

ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳುವ ಮಾತು ಇಲ್ಲಿ ಹೊಂದುವುದಿಲ್ಲ. ಅಕ್ರಮ-ಸಕ್ರಮ ಯೋಜನೆ ಇದ್ದದ್ದು 19-10-2013ಕ್ಕೆ ಮೊದಲು ಕಟ್ಟಿದ ಕಟ್ಟಡಗಳಿಗೆ. ಅದಕ್ಕೂ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ಕೊಟ್ಟಿದೆ. ಈ ವರ್ಷ ಎದ್ದ ಗೋಡೆ ಅದರೊಳಗೆ ಹೇಗೆ ಬರುತ್ತದೆ?

ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ 1976ರ 321ನೇ ಕಲಂ ಪ್ರಕಾರ, ನಕ್ಷೆ ಮೀರಿ ಕಟ್ಟುತ್ತಿರುವ ಭಾಗವನ್ನು ಕೆಡವಲು ಅಥವಾ ಬದಲಿಸಲು ತಾತ್ಕಾಲಿಕ ಆದೇಶ ಹೊರಡಿಸುವ, ಕಾರಣ ಕೇಳಿ ನೋಟಿಸ್ ಕೊಡುವ, ಸರಿಯಾದ ಉತ್ತರ ಬಾರದಿದ್ದರೆ ಆ ಆದೇಶವನ್ನು ಕಾಯಂ ಮಾಡುವ ಅಧಿಕಾರ ತಮಗಿದೆ. ಅಕ್ರಮ ಕಟ್ಟಡ ತಡೆಯದ ಅಧಿಕಾರಿಗಳ ಮೇಲೆ ಕ್ರಮದ ಬಗ್ಗೆ ಅದೇ ಕಾಯ್ದೆಯ 321-ಬಿ ಕಲಂ ಹೇಳುತ್ತದೆ. ಅದರ ಮಾತು ಎತ್ತುವ ಸಂದರ್ಭ ಬರುವುದಿಲ್ಲ ಎಂದು ನಂಬಿದ್ದೇನೆ.

17-12-2024ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಕೂಡ ತಮ್ಮ ಗಮನದಲ್ಲಿ ಇರುತ್ತದೆ. ಕೆಲಸ ಮುಗಿಯುವ ತನಕ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲೇ ಪ್ರದರ್ಶಿಸಬೇಕು, ಅಧಿಕಾರಿಗಳು ಆಗಾಗ ಬಂದು ನೋಡಬೇಕು, ಪೂರ್ಣತಾ ಪತ್ರ ಇಲ್ಲದೆ ನೀರು, ಕರೆಂಟ್, ಒಳಚರಂಡಿ ಸಂಪರ್ಕ ಕೊಡಬಾರದು ಎಂದು ಅದರಲ್ಲಿದೆ. 213ರ ಮುಂದೆ ಅಂಥ ಬೋರ್ಡು ಇವತ್ತಿನ ತನಕ ಹಾಕಿಲ್ಲ.

ಕಟ್ಟಡವೊಂದಕ್ಕೆ ಯಾರ ಅಡ್ಡಿಯೂ ಇಲ್ಲದೆ 20 ವರ್ಷ ಬಂದ ಗಾಳಿ, ಬೆಳಕಿನ ಮೇಲೆ ಮಾಲೀಕರಿಗೆ ಹಕ್ಕು ಬರುತ್ತದೆ ಎಂದು ಈಸ್‌ಮೆಂಟ್ ಕಾಯ್ದೆ 1882ರ 15ನೇ ಕಲಂ ಹೇಳುತ್ತದೆ. ನಮ್ಮ ಕಿಟಕಿಗಳಿಗೆ 20 ವರ್ಷ ಯಾವತ್ತೋ ಆಗಿದೆ. ಅದು ಸಿವಿಲ್ ಕೋರ್ಟಿನ ವಿಷಯ, ಅದನ್ನು ಅಲ್ಲೇ ಕೇಳುವ ಹಕ್ಕು ನಮಗಿದೆ. ತಮ್ಮ ಮುಂದೆ ಇಟ್ಟಿರುವುದು ನಕ್ಷೆ ಉಲ್ಲಂಘನೆಯ ವಿಷಯ. "ನೆರೆಹೊರೆಯವರ ಜಗಳ, ಕೋರ್ಟಿಗೆ ಹೋಗಿ" ಎಂದು ದಯವಿಟ್ಟು ಈ ಅರ್ಜಿಯನ್ನು ಮುಗಿಸಬೇಡಿ.

ಆದ್ದರಿಂದ ಇಂಜಿನಿಯರ್ ಅವರನ್ನು ಈ ವಾರದಲ್ಲೇ ಸ್ಥಳಕ್ಕೆ ಕಳಿಸಿ, ಎರಡೂ ಮನೆಯವರ ಎದುರಿಗೆ ಟೇಪ್ ಹಿಡಿದು ಅಳತೆ ಮಾಡಿಸಿ, ಮಹಜರು ಬರೆಸಬೇಕು. ಅಳತೆಯಲ್ಲಿ ಉಲ್ಲಂಘನೆ ಕಂಡರೆ ಅಂದೇ ಕೆಲಸ ನಿಲ್ಲಿಸಲು ಲಿಖಿತ ಆದೇಶ ಕೊಟ್ಟು, 321ನೇ ಕಲಂ ಪ್ರಕಾರ ಕ್ರಮ ಜರುಗಿಸಬೇಕು. ನಮ್ಮ ಕಡೆಯ 1 ಮೀಟರ್ ಜಾಗ ತೆರವಾಗಬೇಕು. ಚಾಚಿರುವ ಸಜ್ಜಾ ಮತ್ತು ಅನುಮತಿ ಇಲ್ಲದ ಎರಡನೇ ಅಂತಸ್ತನ್ನು ತೆಗೆಸಬೇಕು. ಅಲ್ಲಿಯ ತನಕ ಪೂರ್ಣತಾ ಪತ್ರ ಕೊಡಬಾರದು. ಆರ್‌ಸಿಸಿ ಹಾಕಲು ಭಾನುವಾರ ಅಥವಾ ರಜಾದಿನ ನೋಡಿಕೊಳ್ಳುವ ಸಾಧ್ಯತೆ ಇದೆ. ಆದ್ದರಿಂದ ಆದೇಶದ ಪ್ರತಿಯನ್ನು ಪೊಲೀಸ್ ಠಾಣೆಗೂ ಕಳಿಸಿದರೆ ಒಳ್ಳೆಯದು.

ಅಳತೆ ಮಾಡುವ ದಿನ ಮುಂಚೆ ತಿಳಿಸಿದರೆ ನಾವು ಮನೆಯಲ್ಲೇ ಇರುತ್ತೇವೆ. ಒಳಗೆ ಬಂದು ಆ ಮೂರು ಕಿಟಕಿಗಳ ಮುಂದೆ ಒಮ್ಮೆ ನಿಂತು ನೋಡಲಿ ಎಂಬುದು ನನ್ನ ಕೋರಿಕೆ. ನಮ್ಮ ಮನೆಯ ಅಳತೆಯನ್ನೂ ತೆಗೆದುಕೊಳ್ಳಬಹುದು, ನಮ್ಮ ಒಪ್ಪಿಗೆ ಇದೆ. ಆಸ್ತಿ ತೆರಿಗೆ ರಸೀದಿಯಲ್ಲಿರುವ ಮೊಬೈಲ್ ನಂಬರೇ ನನ್ನದು. ಈ ಅರ್ಜಿಯ ಮೇಲೆ ಏನು ಕ್ರಮ ಆಯಿತು ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)
ಸುಮಿತ್ರಾ

ಲಗತ್ತುಗಳು: 213ರ ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿ, ನಮ್ಮ ಮನೆಯ 1996ರ ನಕ್ಷೆ ಮತ್ತು ಈ ಸಾಲಿನ ತೆರಿಗೆ ರಸೀದಿ, ಕಟ್ಟಡ ಶುರುವಾಗುವ ಮೊದಲು ಮತ್ತು ಈಗ ತೆಗೆದ ಕಿಟಕಿಗಳ ಫೋಟೋಗಳು, ದಿನಾಂಕದೊಂದಿಗೆ, ಅತ್ತೆಯವರ ವೈದ್ಯಕೀಯ ಚೀಟಿಯ ಪ್ರತಿ.

ಪ್ರತಿ: ವಲಯ ಕಚೇರಿಯ ಸಹಾಯಕ ಆಯುಕ್ತರಿಗೆ, ಸೂಕ್ತ ಕ್ರಮಕ್ಕಾಗಿ.